ಹಬ್ಬದ ಶುಭಾಶಯ: ಗ್ರಾಹಕರಿಗೆ ಏನು ಬರೆಯಬೇಕು?

ಆಯುಧಪೂಜೆ ಹತ್ತಿರ ಬಂತೆಂದರೆ ಕೋಲಾರದ ಟೊಮೆಟೊ ಮಂಡಿಗಳಿಂದ ಮಾಲೂರಿನ ಇಟ್ಟಿಗೆ ಗೂಡುಗಳವರೆಗೆ ಎಲ್ಲರ ಫೋನಿನಲ್ಲೂ ದೀಪ, ಹೂವು, ದೇವಿಯ ಚಿತ್ರಗಳು ತುಂಬುತ್ತವೆ. ವರ್ಷಪೂರ್ತಿ ನಮ್ಮನ್ನು ನಂಬಿ ವ್ಯವಹಾರ ಮಾಡಿದವರಿಗೆ ಹೇಳಬೇಕಾದ ಮಾತು ಆ ರಾಶಿಯಲ್ಲಿ ಕಳೆದುಹೋಗಬಾರದು. ಈ ವಿಷಯದಲ್ಲಿ ನಮ್ಮ ವ್ಯಾಪಾರಿಗಳಲ್ಲಿ ಬೇರೂರಿರುವ ಕೆಲವು ಕಲ್ಪನೆಗಳನ್ನು ನೋಡೋಣ.

ತಪ್ಪು ಕಲ್ಪನೆ: ಚೆಂದದ ಚಿತ್ರ ಕಳಿಸಿದರೆ ಸಾಕು, ನೆನಪಿಸಿಕೊಂಡಿದ್ದು ಗೊತ್ತಾಗುತ್ತದೆ.

ವಾಸ್ತವ: ಫಾರ್ವರ್ಡ್ ಮಾಡಿದ ಚಿತ್ರದ ಮೇಲೆ ವಾಟ್ಸಾಪ್ ತಾನೇ ಗುರುತು ಹಾಕುತ್ತದೆ. ಬಹಳ ಕೈ ದಾಟಿ ಬಂದಿದ್ದರೆ ಜೋಡಿ ಬಾಣ ಕಾಣುತ್ತದೆ. ನೀವು ಬೇರೆಯವರಿಂದ ಬಂದದ್ದನ್ನು ದಾಟಿಸಿದಿರಿ ಎಂಬುದು ಶುಭಾಶಯಕ್ಕಿಂತ ಮೊದಲು ಅವರಿಗೆ ತಿಳಿಯುತ್ತದೆ. ಅಂಗಡಿಯ ಹೆಸರು, ನಂಬರ್ ಹಾಕಿ ಮಾಡಿಸಿದ ಚಿತ್ರಕ್ಕೆ ಆ ಗುರುತು ಬರದಿರಬಹುದು, ಆದರೆ ಓದುವವರಿಗೆ ಅದು ಜಾಹೀರಾತೇ.

ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ ಇನ್ನೊಂದು ತೊಡಕಿದೆ. ನಿಮ್ಮ ನಂಬರನ್ನು ಸೇವ್ ಮಾಡಿಕೊಳ್ಳದವರಿಗೆ ಆ ಸಂದೇಶ ತಲುಪುವುದೇ ಇಲ್ಲ. ಕಳಿಸಿದೆವು ಎಂದು ನಾವು ಸಮಾಧಾನಪಟ್ಟುಕೊಂಡಿರುತ್ತೇವೆ, ಹೊಸ ಗ್ರಾಹಕರಿಗೆ ಏನೂ ಬಂದಿರುವುದಿಲ್ಲ.

ತಪ್ಪು ಕಲ್ಪನೆ: ಆತ್ಮೀಯವಾಗಿ ಬರೆಯಲು ಭಾಷೆಯ ಮೇಲೆ ಹಿಡಿತ ಬೇಕು.

ವಾಸ್ತವ: ಬೇಕಿರುವುದು ಬಿಲ್ ಪುಸ್ತಕ. ಗ್ರಾಹಕರ ಪುಟ ತೆಗೆದು, ಅವರ ಜತೆಗಿನ ಹಳೆಯ ವಾಟ್ಸಾಪ್ ಮಾತುಗಳನ್ನು ಒಮ್ಮೆ ನೋಡಿ. ಆ ವರ್ಷ ನಿಮ್ಮಿಬ್ಬರಿಗೆ ಮಾತ್ರ ಗೊತ್ತಿರುವ ಒಂದು ಸಂಗತಿ ಅಲ್ಲಿ ಸಿಕ್ಕೇ ಸಿಗುತ್ತದೆ.

ಮಾಲೂರಿನಲ್ಲಿ ಇಟ್ಟಿಗೆ ಗೂಡು ನಡೆಸುವವರೊಬ್ಬರು ಬಂಗಾರಪೇಟೆಯಲ್ಲಿ ಮನೆ ಕಟ್ಟಿಸುವ ಮೇಸ್ತ್ರಿಗೆ ಬರೆಯುತ್ತಿದ್ದಾರೆ ಎಂದುಕೊಳ್ಳಿ. ಮಳೆ ಹಿಡಿದರೆ ಹಸಿ ಇಟ್ಟಿಗೆ ಒಣಗುವುದಿಲ್ಲ, ಒಣಗದ ಇಟ್ಟಿಗೆಯನ್ನು ಗೂಡಿಗೆ ಪೇರಿಸುವಂತಿಲ್ಲ. ಹಾಗಾಗಿ ಆ ವರ್ಷ ಲೋಡು ತಡವಾಗಿತ್ತು. ಸಂದೇಶ ಹೀಗಿರಬಹುದು:

“ಅಣ್ಣಾ, ನಮಸ್ಕಾರ. ಶ್ರಾವಣದ ಮಳೇಲಿ ಇಟ್ಟಿಗೆ ಒಣಗದೆ ನಿಮ್ಮ ಲೋಡು ಎರಡು ವಾರ ತಡ ಆಯ್ತು. ನೀವು ಬೇರೆ ಕಡೆ ಹೋಗದೆ, ಮೊದಲು ಕಟ್ಟಿದ ಗೋಡೆಗಳ ಪ್ಲಾಸ್ಟರ್ ಮುಗಿಸ್ಕೊಂಡು ಕಾದ್ರಿ. ಅದನ್ನ ನಾವು ಮರೆಯಲ್ಲ. ನಿಮಗೂ ಮನೆಯವರಿಗೂ ಜತೆ ಕೆಲಸ ಮಾಡೋ ಎಲ್ಲರಿಗೂ ಆಯುಧಪೂಜೆ ಶುಭಾಶಯಗಳು.”

ಇದನ್ನು ಬೇರೆ ಯಾರಿಗೂ ಕಳಿಸಲಾಗದು. ಸಂದೇಶ ಸರಿಯಾಗಿದೆಯೇ ಎಂದು ತಿಳಿಯಲು ಅದೇ ಪರೀಕ್ಷೆ: ಹೆಸರು ಬದಲಿಸಿ ಇನ್ನೊಬ್ಬ ಗ್ರಾಹಕರಿಗೆ ಕಳಿಸಬಹುದಾದರೆ ಅದರಲ್ಲಿ ಇನ್ನೂ ಏನೂ ಬಂದಿಲ್ಲ. ತಡವಾದದ್ದಕ್ಕೆ ಇಲ್ಲಿ ಉದ್ದದ ಸಮಜಾಯಿಷಿ ಇಲ್ಲ ಎಂಬುದನ್ನೂ ಗಮನಿಸಿ. ತೂಕವೆಲ್ಲ ಅವರ ತಾಳ್ಮೆಯ ಮೇಲಿದೆ.

ತಪ್ಪು ಕಲ್ಪನೆ: ವರ್ಷದ ವ್ಯವಹಾರ ನೆನೆಯುವುದೆಂದರೆ ಲಾಭದ ಮಾತು ಆಡುವುದು.

ವಾಸ್ತವ: 2023ರ ಜುಲೈನಲ್ಲಿ ಕೋಲಾರದಲ್ಲಿ 15 ಕಿಲೋ ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿತ್ತು. ಮಾಲು ತಂದ ರೈತರಿಗೆ ಅದು ಸುಗ್ಗಿ, ಅದೇ ಮಾಲು ಕೊಂಡ ಹೊರರಾಜ್ಯದ ವ್ಯಾಪಾರಿಗೆ ಬಂಡವಾಳದ ಕಷ್ಟ. ಇಬ್ಬರಿಗೂ ಮಂಡಿಯವರು “ಒಳ್ಳೆ ವರ್ಷ” ಎಂದು ಬರೆಯಲಾಗದು. 2025ರ ಜೂನ್‌ನಲ್ಲಿ ಚಿತ್ತೂರಿನ ಕಡೆ ನಮ್ಮ ತೋತಾಪುರಿ ಹೋಗದಂತೆ ತಡೆದಾಗ ಶ್ರೀನಿವಾಸಪುರದ ಬೆಳೆಗಾರರು ಪಟ್ಟ ಪಾಡು ಗೊತ್ತೇ ಇದೆ. ಅಂಥ ವರ್ಷ ತೋಟದವರಿಗೆ ಬರೆಯುವಾಗ ದರದ ಮಾತನ್ನೇ ತೆಗೆಯಬೇಡಿ. ರೇಟು ಬಿದ್ದರೂ ಹಣ್ಣನ್ನು ವಿಂಗಡಿಸಿ ಶುದ್ಧವಾಗಿ ಕಳಿಸಿದ್ದನ್ನು ನೆನೆಯಿರಿ.

ಬಾಕಿ, ಹೊಸ ದರಪಟ್ಟಿ, “ಮುಂದಿನ ಆರ್ಡರ್ ನಮಗೇ ಕೊಡಿ” ಎಂಬ ಸಾಲು, ಇವು ಯಾವುದೂ ಶುಭಾಶಯದ ಸಂದೇಶದಲ್ಲಿ ಬೇಡ. ಬಾಕಿ ಕೇಳುವುದಿದ್ದರೆ ಹಬ್ಬ ಕಳೆದ ಮೇಲೆ ಫೋನ್ ಮಾಡಿ.

ತಪ್ಪು ಕಲ್ಪನೆ: ಎಲ್ಲರಿಗೂ ಒಂದೇ ಹಬ್ಬ, ಒಂದೇ ದಿನ.

ವಾಸ್ತವ: ಮಾರವಾಡಿ, ಗುಜರಾತಿ ವ್ಯಾಪಾರಿಗಳಿಗೆ ದೀಪಾವಳಿ ಎಂದರೆ ಲೆಕ್ಕದ ಪುಸ್ತಕದ ಪೂಜೆ. ಕೋಲ್ಕತ್ತದ ಹಳೆಯ ವ್ಯಾಪಾರಿಗಳು ಹೊಸ ಖಾತೆ ತೆರೆಯುವುದು ಏಪ್ರಿಲ್ ಮಧ್ಯದ ಬಂಗಾಳಿ ಹೊಸ ವರ್ಷಕ್ಕೆ. ತಮಿಳುನಾಡಿನವರಿಗೆ ಪೊಂಗಲ್, ಮಾವಿನ ವ್ಯಾಪಾರದ ಮುಸ್ಲಿಂ ಬಾಂಧವರಿಗೆ ರಂಜಾನ್. ಅವರವರ ಹಬ್ಬಕ್ಕೆ ಬರೆದ ಮಾತು ಬೇಗ ತಲುಪುತ್ತದೆ.

ಮುಳಬಾಗಿಲಿನ ಗಡಿ ದಾಟಿದರೆ ತೆಲುಗು, ನಾವೂ ಸಲೀಸಾಗಿ ಮಾತಾಡುತ್ತೇವೆ. ಆದರೆ ಎಲ್ಲರಿಗೂ ಆ ಲಿಪಿ ಬರೆಯಲು ಬಾರದು. ಅಂಥವರು ಇಪ್ಪತ್ತು ಸೆಕೆಂಡಿನ ಧ್ವನಿ ಸಂದೇಶ ಕಳಿಸಲಿ. ಹರಾಜಿನ ಬೆಳಗಿನ ಹೊತ್ತು ಮಾತ್ರ ಬೇಡ, ಹಬ್ಬದ ಹಿಂದಿನ ಸಂಜೆ ಒಳ್ಳೆಯದು.

ತಪ್ಪು ಕಲ್ಪನೆ: ಇನ್ನೂರು ಗ್ರಾಹಕರಿಗೆ ಹೀಗೆ ಬರೆಯಲು ಸಾಧ್ಯವಿಲ್ಲ.

ವಾಸ್ತವ: ಎಲ್ಲರಿಗೂ ಬರೆಯಬೇಕಿಲ್ಲ. ವರ್ಷವಿಡೀ ಒಡನಾಡಿದ ಮೂವತ್ತು ಜನರನ್ನು ಆರಿಸಿ, ಹಬ್ಬಕ್ಕೆ ಐದು ದಿನ ಮೊದಲೇ ಶುರುಮಾಡಿ ಸಂಜೆಗೆ ಆರೇಳು ಜನರಿಗೆ ಬರೆದಿಟ್ಟುಕೊಳ್ಳಿ. ಉಳಿದವರಿಗೆ ಹೆಸರು ಹಿಡಿದು ಒಂದು ಸಾಲು ಸಾಕು. ಉತ್ತರ ಬಂದಾಗ ಅದಕ್ಕೆ ಚಿತ್ರ ಅಂಟಿಸದೆ, ಅವರು ಕೇಳಿದ್ದಕ್ಕೆ ಮಾತಿನಲ್ಲೇ ಉತ್ತರಿಸಿ.