ಬೆಕ್ಕಿಗೆ ಊಟ ಹಾಕುವ ಪತ್ತೇದಾರ

ರಾತ್ರಿ ಮೂರು ಗಂಟೆ. ಹಸಿದ ಬೆಕ್ಕು ಮಲಗಿದ್ದ ಫಿಲಿಪ್ ಮಾರ್ಲೋನನ್ನು ಎಬ್ಬಿಸುತ್ತದೆ. ರಾಬರ್ಟ್ ಆಲ್ಟ್‌ಮನ್‌ ನಿರ್ದೇಶನದ ‘ದಿ ಲಾಂಗ್ ಗುಡ್‌ಬೈ’ (1973) ತನ್ನ ನಾಯಕನನ್ನು ಪರಿಚಯಿಸುವುದು ಹೀಗೆ. ಪತ್ತೇದಾರನ ಕೈಯಲ್ಲಿ ಪಿಸ್ತೂಲಿಲ್ಲ, ಹೆಣವಿಲ್ಲ. ಇರುವುದು ಬೆಕ್ಕಿನ ಊಟದ ಚಿಂತೆ ಮಾತ್ರ.

ಮನೆಯಲ್ಲಿದ್ದುದನ್ನೇ ಕಲಸಿ ಕೊಟ್ಟರೆ ಬೆಕ್ಕು ಮೂಸಿಯೂ ನೋಡುವುದಿಲ್ಲ. ಗೊಣಗುತ್ತಲೇ ಅಂಗಡಿಗೆ ಹೊರಟವನಿಗೆ ನೆರೆಮನೆಯ ಹುಡುಗಿಯರು ತಮ್ಮ ಸಾಮಾನನ್ನೂ ತರಲು ಹೇಳುತ್ತಾರೆ, ತರುತ್ತಾನೆ. ಆದರೆ ಬೆಕ್ಕು ತಿನ್ನುವ ಬ್ರ್ಯಾಂಡ್ ಅಂಗಡಿಯಲ್ಲಿಲ್ಲ. ಬೇರೆಯದನ್ನು ಕೊಂಡು ಬಂದು, ಬೆಕ್ಕನ್ನು ಅಡುಗೆಮನೆಯ ಹೊರಗಿಟ್ಟು, ಅದನ್ನು ಹಳೆಯ ಡಬ್ಬಿಗೆ ತುಂಬಿ, ಆಮೇಲೆ ಅದರೆದುರೇ ಬಡಿಸುತ್ತಾನೆ. ಬೆಕ್ಕು ಮೋಸಹೋಗದೆ ಹೊರಟೇಹೋಗುತ್ತದೆ.

ಒಂಟಿತನ, ನಿಷ್ಠೆ, ಚಿಲ್ಲರೆ ಜಾಣತನ, ಕೊನೆಗೆ ಸೋಲು: ಯಾವುದನ್ನೂ ಯಾರೂ ಬಾಯಿಬಿಟ್ಟು ಹೇಳಿಲ್ಲ. ಕೆಲಸ ಸಲೀಸಾಗಿ ಮುಗಿದಿದ್ದರೆ ನಮಗೆ ತಿಳಿಯುತ್ತಿದ್ದುದು ಅವನ ಬಳಿ ಬೆಕ್ಕಿದೆ ಎಂಬುದಷ್ಟೆ. ಅಡ್ಡಿ ಬಂದಾಗ ಅವನು ಆರಿಸಿಕೊಂಡ ದಾರಿಯೇ ಸ್ವಭಾವವನ್ನು ತೋರಿಸಿತು.

ಅದೇ ರಾತ್ರಿ ಗೆಳೆಯ ಟೆರ್ರಿ ಲೆನಾಕ್ಸ್ ಬಂದು, ಮೆಕ್ಸಿಕೊ ಗಡಿಗೆ ಬಿಡಲು ಕೇಳುತ್ತಾನೆ. ಮಾರ್ಲೋ ಹೆಚ್ಚು ಪ್ರಶ್ನಿಸದೆ ಒಪ್ಪಿದಾಗ ನಮಗೆ ಅಚ್ಚರಿಯಾಗುವುದಿಲ್ಲ. ಬೆಕ್ಕಿಗಾಗಿ ನಡುರಾತ್ರಿ ಅಂಗಡಿಗೆ ಹೋದವನಲ್ಲವೇ!

ಹೊಸ ಬರಹಗಾರರು ಎಡವುವುದೂ ಇಲ್ಲೇ. ಮುಂದಿನ ಕಥೆಗೆ ಬೇಕಿಲ್ಲದ ಗುಣವನ್ನು ತೋರಿಸುವ ಪರಿಚಯ ದೃಶ್ಯ ಎಷ್ಟೇ ರಂಜಕವಾಗಿದ್ದರೂ ದಂಡ. ನಮ್ಮ ಎಷ್ಟೋ ಚಿತ್ರಗಳ ನಾಯಕಪ್ರವೇಶದ ಹೊಡೆದಾಟಗಳು ಈ ಸಾಲಿಗೇ ಸೇರುತ್ತವೆ.