ನಾಯಿಗೆ ವಾಂತಿ-ಭೇದಿಯೇ? ಮೊದಲು ನೀರು ನಿಲ್ಲುತ್ತದೆಯೇ ನೋಡಿ

ಊರಹಬ್ಬದ ಮರುದಿನ ಬೆಳಗಿನ ಜಾವ ನಮ್ಮ ಕೆಂಚ ಮೂರು ಸಲ ವಾಂತಿ ಮಾಡಿದ. ಜೊತೆಗೆ ಎರಡು ಸಲ ಭೇದಿ. ಅವನು ಮೂರು ವರ್ಷದ, 12 ಕೆ.ಜಿ. ತೂಕದ ನಾಟಿ ನಾಯಿ, ಲಸಿಕೆಗಳೆಲ್ಲ ಆಗಿವೆ. ಹಿಂದಿನ ರಾತ್ರಿ ಎಂಜಲೆಲೆಯಲ್ಲಿದ್ದ ಮಟನ್ ಕೊಬ್ಬನ್ನು ತಿಂದಿದ್ದ. ಆದರೂ ಕರೆದರೆ ಬಾಲ ಆಡಿಸುತ್ತಿದ್ದ. ಇಂಥ ಗಟ್ಟಿಮುಟ್ಟಾದ ದೊಡ್ಡ ನಾಯಿಯನ್ನು ಒಂದು ದಿನ ಮನೆಯಲ್ಲೇ ನೋಡಿಕೊಳ್ಳಬಹುದು.

ಮೊದಲು ತುಟಿ ಎತ್ತಿ ವಸಡು ನೋಡಿದೆ. ಬೆರಳಿನಿಂದ ಒತ್ತಿ ಬಿಟ್ಟರೆ ಬಿಳಿಚಿದ ಜಾಗ 2 ಸೆಕೆಂಡಿನೊಳಗೆ ಮತ್ತೆ ಗುಲಾಬಿಯಾಗಬೇಕು. ಮುಟ್ಟಿದರೆ ಒದ್ದೆ ಇರಬೇಕು. ವಸಡು ಅಂಟಂಟಾಗಿದ್ದರೆ, ಹೆಗಲ ಮೇಲಿನ ಚರ್ಮ ಹಿಡಿದೆತ್ತಿ ಬಿಟ್ಟಾಗ ತಟ್ಟನೆ ಕೂರದಿದ್ದರೆ, ಮೈಯಲ್ಲಿ ನೀರು ಕಡಿಮೆಯಾಗಿದೆ ಎಂದರ್ಥ.

ಬಟ್ಟಲು ತುಂಬ ನೀರಿಟ್ಟರೆ ಬಾಯಾರಿದ ನಾಯಿ ಒಂದೇ ಉಸಿರಿಗೆ ಕುಡಿದು ಮತ್ತೆ ಕಕ್ಕುತ್ತದೆ. ಅದಕ್ಕೇ ಅರ್ಧ ಗಂಟೆಗೊಮ್ಮೆ ಎರಡೇ ಚಮಚದಷ್ಟು, ಸುಮಾರು 30 ಮಿ.ಲೀ. ನೀರಿಟ್ಟೆ. ಅದು ಹೊಟ್ಟೆಯಲ್ಲಿ ನಿಂತ ಮೇಲೆ ನಿಧಾನವಾಗಿ ಹೆಚ್ಚಿಸಿದೆ. ಬಾಯಿಗೆ ಬಲವಂತವಾಗಿ ಸುರಿಯಬಾರದು, ಶ್ವಾಸಕೋಶಕ್ಕೆ ಹೋದೀತು.

ಎಂಟು ಗಂಟೆ ಹೊಟ್ಟೆ ಖಾಲಿ ಬಿಟ್ಟು, ಆಮೇಲೆ ಪಥ್ಯ ಶುರು ಮಾಡಿದೆ. ಮೆತ್ತಗೆ ಬೆಂದ ಬಿಳಿ ಅನ್ನ ಎರಡು ಪಾಲು; ಚರ್ಮ, ಮೂಳೆ ತೆಗೆದು ನೀರಲ್ಲಿ ಬೇಯಿಸಿದ ಕೋಳಿಮಾಂಸ ಒಂದು ಪಾಲು. ಉಪ್ಪು, ಎಣ್ಣೆ, ಮಸಾಲೆ ಯಾವುದೂ ಇಲ್ಲ. ಈರುಳ್ಳಿ, ಬೆಳ್ಳುಳ್ಳಿಯಂತೂ ನಾಯಿಗೆ ವಿಷವೇ. ಹಾಲು ಕೊಟ್ಟರೆ ಭೇದಿ ಹೆಚ್ಚಬಹುದು. ಮೊದಲ ಸಲ ಎರಡು-ಮೂರು ಚಮಚ ಮಾತ್ರ ಹಾಕಿ, ಎರಡು ಗಂಟೆ ಕಾದು, ಮತ್ತೆ ಅಷ್ಟೇ ಹಾಕಿದೆ. ಮಲ ಗಟ್ಟಿಯಾದ ಮೇಲೆ ಮಾಮೂಲಿ ಊಟವನ್ನು ಮೂರು-ನಾಲ್ಕು ದಿನಗಳಲ್ಲಿ ಸ್ವಲ್ಪಸ್ವಲ್ಪವೇ ಬೆರೆಸುತ್ತ ಬಂದೆವು.

ಮರಿಗಳನ್ನು ಮಾತ್ರ ಹೀಗೆ ಉಪವಾಸ ಕೆಡವಬಾರದು; ರಕ್ತದ ಸಕ್ಕರೆ ಬೇಗ ಇಳಿಯುತ್ತದೆ. ಲಸಿಕೆ ಮುಗಿಯದ ಮರಿಗೆ ವಾಂತಿ-ಭೇದಿಯಾದರೆ ಪಾರ್ವೊ ಇರಬಹುದು, ಅಂದೇ ವೈದ್ಯರ ಬಳಿ ಒಯ್ಯಬೇಕು. ಮುದಿ ನಾಯಿ, ಗಬ್ಬದ ನಾಯಿ, ಕಿಡ್ನಿ ಅಥವಾ ಸಕ್ಕರೆ ಕಾಯಿಲೆಯ ನಾಯಿಗೂ ಕಾಯುವುದು ಬೇಡ. ನಮ್ಮ ನೋವಿನ ಮಾತ್ರೆ, ಭೇದಿ ಮಾತ್ರೆಗಳನ್ನು ನಾವೇ ಕೊಡಕೂಡದು.

ಕುಡಿದ ಗುಟುಕು ನೀರೂ ಹೊರಬರುತ್ತಿದ್ದರೆ, ವಾಂತಿಯಲ್ಲಿ ಅಥವಾ ಮಲದಲ್ಲಿ ರಕ್ತ ಕಂಡರೆ, ಮಲ ಡಾಂಬರಿನಂತೆ ಕಪ್ಪಾಗಿದ್ದರೆ, ವಸಡು ಬಿಳಿಚಿದರೆ, ಎಬ್ಬಿಸಿದರೂ ಏಳದಿದ್ದರೆ ಮನೆಮದ್ದು ಅಲ್ಲಿಗೆ ನಿಲ್ಲಲಿ. ಹಿಂಭಾಗ ಎತ್ತಿ ಮುಂಗಾಲು ಚಾಚಿ ಮಲಗುವುದು ಹೊಟ್ಟೆನೋವಿನ ಗುರುತಾಗಿರಬಹುದು. ಇಲಿಪಾಷಾಣ, ಮೂಳೆ, ಬಟ್ಟೆ ನುಂಗಿದ ಅನುಮಾನವಿದ್ದರೂ ಕೂಡಲೇ ಹೊರಡಿ. ಹೊಟ್ಟೆ ಉಬ್ಬಿ, ಓಕರಿಸಿದರೂ ಏನೂ ಬರದಿದ್ದರೆ ಜಠರ ತಿರುಚಿಕೊಂಡಿರಬಹುದು. ಆಗ ನಿಮಿಷಗಳೂ ಲೆಕ್ಕಕ್ಕೆ ಬರುತ್ತವೆ.

ಯಾವ ಅಪಾಯದ ಗುರುತೂ ಇಲ್ಲದಿದ್ದರೂ 24 ಗಂಟೆಯಲ್ಲಿ ಸುಧಾರಿಸದಿದ್ದರೆ ವೈದ್ಯರಿಗೆ ತೋರಿಸಬೇಕು. ಎಷ್ಟು ಹೊತ್ತಿಗೆ ವಾಂತಿಯಾಯಿತು, ನೀರು ಎಷ್ಟು ಹೊತ್ತು ನಿಂತಿತು ಎಂದು ಒಂದು ಚೀಟಿಯಲ್ಲಿ ಬರೆದು ಒಯ್ದರೆ ಅವರಿಗೆ ದಾರಿ ಬೇಗ ಸಿಗುತ್ತದೆ.