ತಿರುಗುವ ಪೀಠವೂ ಬೈಸಿಕಲ್ಲಿನ ಚಕ್ರವೂ

ಕಾಲೇಜುಗಳ ಭೌತಶಾಸ್ತ್ರದ ತರಗತಿಯಲ್ಲಿ ಉಪಾಧ್ಯಾಯರು ಕೇಳುವ ಪ್ರಶ್ನೆಯೊಂದನ್ನು ಈ ಸಲ ವಾಚಕರ ಮುಂದಿಡುತ್ತೇವೆ. ಸಲೀಸಾಗಿ ಸುತ್ತುವ ಸ್ಟೂಲಿನ ಮೇಲೆ ವಿದ್ಯಾರ್ಥಿಯೊಬ್ಬನು ಕಾಲುಗಳನ್ನು ನೆಲಕ್ಕೆ ಸೋಕಿಸದೆ ನಿಶ್ಚಲನಾಗಿ ಕುಳಿತಿದ್ದಾನೆ. ಅವನ ಗೆಳೆಯನು ನೆಲದ ಮೇಲೆ ನಿಂತು, ಬೈಸಿಕಲ್ಲಿನ ಚಕ್ರವೊಂದನ್ನು ರಭಸದಿಂದ ತಿರುಗಿಸಿ, ಅದರ ಅಚ್ಚನ್ನು ನೆಟ್ಟಗೆ ಹಿಡಿದು ಅವನಿಗೆ ಕೊಡುತ್ತಾನೆ. ಅಚ್ಚಿನ ಒಂದು ಹಿಡಿ ಮೇಲಕ್ಕೂ ಇನ್ನೊಂದು ಕೆಳಕ್ಕೂ ಇವೆ. ಮೇಲಿನಿಂದ ನೋಡಿದರೆ ಚಕ್ರವು ಪ್ರದಕ್ಷಿಣವಾಗಿ ಸುತ್ತುತ್ತಿದೆ. ಕುಳಿತವನು ಈಗ ಅದನ್ನು ತಲೆಕೆಳಗು ಮಾಡಿದರೆ ಅವನ ಗತಿ ಏನಾದೀತು?

ಅವನು ಹೊರಗಿನ ಯಾವ ವಸ್ತುವನ್ನೂ ತಳ್ಳಲಿಲ್ಲವಾದುದರಿಂದ ಕದಲಲಾರನೆಂದು ಕೆಲವರೆನ್ನುವರು. ಬೋರಲಾದ ಚಕ್ರವು ಅಪ್ರದಕ್ಷಿಣವಾಗಿ ಸುತ್ತುವುದರಿಂದ ಅವನನ್ನೂ ಅತ್ತಲೇ ಎಳೆಯುವುದೆಂದು ಇನ್ನು ಕೆಲವರೆನ್ನುವರು. ಎರಡೂ ತಪ್ಪು. ಅವನು ಪ್ರದಕ್ಷಿಣವಾಗಿ, ಎಂದರೆ ಚಕ್ರವು ಮೊದಲು ಸುತ್ತುತ್ತಿದ್ದ ದಿಕ್ಕಿನಲ್ಲಿಯೇ, ತಿರುಗತೊಡಗುವನು.

ಇದನ್ನು ಮನೆಯ ಜಮಾಖರ್ಚಿನಂತೆ ನೋಡಬಹುದು. ಸುತ್ತುವ ವಸ್ತುವಿನಲ್ಲಿರುವ ಸುತ್ತಿನ ಮೊತ್ತಕ್ಕೆ ಕೋನೀಯ ಸಂವೇಗವೆಂದು ಹೆಸರು. ನೆಟ್ಟಗಿನ ಅಚ್ಚಿನ ಸುತ್ತ ಹೊರಗಿನವರು ಯಾರೂ ತಿರುಚದಿದ್ದರೆ ಈ ಮೊತ್ತವು ಹೆಚ್ಚುವುದೂ ಇಲ್ಲ, ಕಡಿಮೆಯಾಗುವುದೂ ಇಲ್ಲ. ಸ್ಟೂಲು ನುಣುಪಾಗಿ ಸುತ್ತುವುದರಿಂದ ನೆಲವು ಅವನನ್ನು ಹಾಗೆ ತಿರುಚಲಾರದು. ಮೊದಲಲ್ಲಿ ಚಕ್ರದ ಬಳಿ ಪ್ರದಕ್ಷಿಣದ ಒಂದು ಪಾಲು ಇದ್ದಿತು, ವಿದ್ಯಾರ್ಥಿಯ ಬಳಿ ಏನೂ ಇರಲಿಲ್ಲ, ಒಟ್ಟು ಒಂದು. ಬೋರಲಾದ ಮೇಲೆ ಚಕ್ರದ ಲೆಕ್ಕದಲ್ಲಿ ಒಂದು ಪಾಲು ಸಾಲವಾಯಿತು. ಆದರೂ ಒಟ್ಟು ಒಂದೇ ಇರಬೇಕಾದುದರಿಂದ ವಿದ್ಯಾರ್ಥಿಯ ಬಳಿ ಎರಡು ಪಾಲು ಸೇರಬೇಕು. ಅಚ್ಚು ಅರ್ಧ ದಾರಿಯಲ್ಲಿ ಅಡ್ಡಲಾಗಿರುವಾಗ ಚಕ್ರದ ಲೆಕ್ಕ ಸೊನ್ನೆ. ಆಗ ಅವನಲ್ಲಿ ಒಂದು ಪಾಲು ಇರುವುದು. ಆದುದರಿಂದಲೇ ಚಕ್ರವನ್ನು ವಾಲಿಸಲಾರಂಭಿಸಿದ ಕೂಡಲೆ ಅವನು ಕದಲುತ್ತಾನೆ. ತಳ್ಳುವುದು ಚಕ್ರವೇ, ಅದು ತನ್ನ ಅಚ್ಚನ್ನು ಬಾಗಿಸಗೊಡದೆ ಪಕ್ಕಕ್ಕೆ ತಿರುಚುವ ಒತ್ತಡವು ಅವನ ಎರಡು ಕೈಗಳಿಗೂ ಸ್ಪಷ್ಟವಾಗಿ ತಿಳಿಯುವುದು.

ವೇಗವೆಷ್ಟು? ಸಾಧಾರಣ ಚಕ್ರದ ಅಂಚು ಹಗುರವಾದುದರಿಂದ ಅದಕ್ಕೆ ಭಾರವಾದ ತಂತಿಯನ್ನು ಸುತ್ತುವುದುಂಟು. ಅಂಚಿನ ತೂಕ 2 ಕಿಲೋಗ್ರಾಂ, ಅಚ್ಚಿನಿಂದ ಅದರ ದೂರ 0.3 ಮೀಟರ್ ಎಂದಿಟ್ಟುಕೊಳ್ಳೋಣ. ತೂಕವನ್ನು ದೂರದ ವರ್ಗದಿಂದ ಗುಣಿಸಿದರೆ 0.18 ಬರುವುದು, ಇದು ಚಕ್ರದ ಸುತ್ತು-ಜಡತ್ವ. ಚಕ್ರವನ್ನು ಹಿಡಿದು ಕುಳಿತವನದು ಸ್ಟೂಲೂ ಸೇರಿ ಸುಮಾರು 3 ಇರಲಿ. ಚಕ್ರವು ಸೆಕೆಂಡಿಗೆ 4 ಸುತ್ತು ಹಾಕುತ್ತಿದ್ದರೆ ಅದರ ಪಾಲು 0.72. ಅದರ ಇಮ್ಮಡಿ 1.44ನ್ನು 3ರಿಂದ ಭಾಗಿಸಿದರೆ 0.48. ಎಂದರೆ ವಿದ್ಯಾರ್ಥಿಯು ಸುಮಾರು ಎರಡು ಸೆಕೆಂಡಿಗೆ ಒಂದು ಸುತ್ತು ತಿರುಗುವನು. ಹೀಗೆ ಸುತ್ತುತ್ತಿರುವಾಗಲೇ ಅವನು ಚಕ್ರವನ್ನು ಕೈಯಿಂದ ಒತ್ತಿ ನಿಲ್ಲಿಸಿದರೆ ಸಾಲ ತೀರಿ, ಅವನ ಬಳಿ ಒಂದೇ ಪಾಲು ಉಳಿಯುವುದು, ವೇಗ ಅರ್ಧಕ್ಕಿಳಿಯುವುದು.

ಈ ಪ್ರಯೋಗದಲ್ಲಿ ಬಹುಮಂದಿ ಎಡವುವ ಸ್ಥಳವೊಂದುಂಟು. ಚಕ್ರವನ್ನು ಮೊದಲು ತಿರುಗಿಸಿದವರು ಯಾರು? ಗೆಳೆಯನ ಬದಲು ಕುಳಿತವನೇ ಅದನ್ನು ತಿರುಗಿಸಿದ್ದರೆ ಒಟ್ಟು ಮೊತ್ತವು ಸೊನ್ನೆ; ಚಕ್ರಕ್ಕೆ ಪ್ರದಕ್ಷಿಣದ ಒಂದು ಪಾಲು ಬಂದಾಗಲೇ ಅವನು ಮೆಲ್ಲಗೆ ಅಪ್ರದಕ್ಷಿಣವಾಗಿ ಸುತ್ತತೊಡಗಿರುವನು. ಚಕ್ರವನ್ನು ಬೋರಲು ಮಾಡಿದಾಗ ಅವನು ನಿಂತು, ಅಷ್ಟೇ ವೇಗದಿಂದ ಪ್ರದಕ್ಷಿಣವಾಗಿ ಹೊರಡುವನು. ಬದಲಾವಣೆಯು ಎರಡು ಪಾಲೇ ಆದರೂ ಕಡೆಯಲ್ಲಿ ಕಾಣುವ ವೇಗವು ಅರ್ಧ.

ಇನ್ನೊಂದು ತೊಡಕು ಸ್ಟೂಲಿನ ಘರ್ಷಣೆ. ಗೆಳೆಯನು ಚಕ್ರವನ್ನು ಕೊಟ್ಟ ಮೊದಲಿನ ಪ್ರಯೋಗದಲ್ಲಿ, ಬೋರಲಾದ ಚಕ್ರವನ್ನು ತಡಮಾಡದೆ ಮತ್ತೆ ಮೊದಲಿನಂತೆ ಮಾಡಿದರೆ ವಿದ್ಯಾರ್ಥಿಯು ನಿಲ್ಲಬೇಕು. ನಿಲ್ಲದೆ ಎದುರು ದಿಕ್ಕಿಗೆ ತುಸು ತಿರುಗಿದನಾದರೆ, ನಡುವೆ ಘರ್ಷಣೆಯು ಮೊತ್ತದಲ್ಲಿ ಸ್ವಲ್ಪವನ್ನು ಕದ್ದಿತೆಂದೇ ತಿಳಿಯತಕ್ಕದ್ದು. ಅವನು ತಾನಾಗಿ ನಿಲ್ಲುವವರೆಗೆ ಕಾದು ಆಮೇಲೆ ಚಕ್ರವನ್ನು ಮಗುಚಿದರೆ ಪೂರ್ತಿ ಎರಡು ಪಾಲಿನಷ್ಟು ಎದುರು ದಿಕ್ಕಿನಲ್ಲಿ ಸುತ್ತುವನು. ಕಾಯುವಷ್ಟರಲ್ಲಿ ಚಕ್ರದ ವೇಗವು ಕುಂದಿದ್ದರೆ ಆ ಪಾಲೂ ಅಷ್ಟು ಕಿರಿದಾಗುವುದು.

ನೆಲದ ಆಸರೆಯೇ ಇಲ್ಲದೆಡೆ ಇದೇ ಲೆಕ್ಕವು ದೊಡ್ಡ ಕೆಲಸ ಮಾಡುವುದು. 1998ರಿಂದ ಆಕಾಶದಲ್ಲಿ ಕಟ್ಟಲ್ಪಟ್ಟ ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣದಲ್ಲಿ ನಿಮಿಷಕ್ಕೆ 6,600 ಸುತ್ತು ಹಾಕುವ ನಾಲ್ಕು ಭಾರವಾದ ಚಕ್ರಗಳಿವೆ. ಅವುಗಳ ಅಚ್ಚನ್ನು ವಾಲಿಸಿದರೆ, ಸ್ಟೂಲಿನ ಮೇಲಿನ ವಿದ್ಯಾರ್ಥಿಯಂತೆ, ನಿಲ್ದಾಣವೇ ಮೆಲ್ಲಗೆ ತಿರುಗುವುದು.